ಓಪನ್ ಎಂಆರ್‌ಐ ಕುರಿತ ಸಂದೇಶಕ್ಕೆ ಸ್ಪಷ್ಟನೆ

“ಓಪನ್ ಎಂಆರ್‌ಐ ಮಾಡಿಸಿ, ಭಯವಿಲ್ಲ, ಸದ್ದೇ ಇಲ್ಲ, ಚಿತ್ರವೂ ಅಷ್ಟೇ ಸ್ಪಷ್ಟ.”

ಓಪನ್ ಯಂತ್ರದಲ್ಲಿ ಮುಚ್ಚಿದ ಸುರಂಗದ ಬದಲು ಬದಿಗಳು ತೆರೆದಿರುವುದರಿಂದ ಭಯವಿಲ್ಲ ಎಂಬ ಮಾತು ಹಲವರ ಮಟ್ಟಿಗೆ ನಿಜ, ಉಳಿದೆರಡು ಸರಿಯಲ್ಲ. ಕಾಂತಕ್ಷೇತ್ರದಲ್ಲಿರುವ ಗ್ರೇಡಿಯಂಟ್ ಸುರುಳಿಗಳಲ್ಲಿ ವಿದ್ಯುತ್ ಕ್ಷಿಪ್ರವಾಗಿ ಬದಲಾದಾಗ ಅವು ಕಂಪಿಸಿ ಸದ್ದು ಹುಟ್ಟುತ್ತದೆ. ಓಪನ್ ಯಂತ್ರದಲ್ಲೂ ಅವು ಇರುವುದರಿಂದ ಸದ್ದು ಕಡಿಮೆಯಾದೀತೇ ಹೊರತು ಇಲ್ಲವಾಗದು, ಇಯರ್‌ಪ್ಲಗ್ ಹಾಕಿಕೊಳ್ಳಲೇಬೇಕು. ಇಂಥ ಬಹುತೇಕ ಯಂತ್ರಗಳ ಕಾಂತಕ್ಷೇತ್ರ ಸುರಂಗದ ಯಂತ್ರಗಳಲ್ಲಿ ಸಾಮಾನ್ಯವಾದ 1.5 ಟೆಸ್ಲಾಗಿಂತ ದುರ್ಬಲವಾದ್ದರಿಂದ ಸೂಕ್ಷ್ಮ ವಿವರ ಕಡಿಮೆಯಾಗುತ್ತದೆ, ಇಲ್ಲವೇ ಹೆಚ್ಚು ಹೊತ್ತು ಅಲುಗಾಡದೆ ಮಲಗಬೇಕಾಗುತ್ತದೆ.

ಮಂಡಿಯ ಸ್ಕ್ಯಾನ್‌ಗಾದರೆ, ಸುರಂಗ ಗಿಡ್ಡವಾಗಿದ್ದು ಬಾಯಿ 60ರ ಬದಲು 70 ಸೆಂ.ಮೀ. ಅಗಲವಿರುವ 1.5 ಟೆಸ್ಲಾ ಯಂತ್ರವನ್ನೇ ವಿಚಾರಿಸುವುದು ಮೇಲು. ಕಾಲು ಮುಂದಾಗಿ ಒಳಹೋಗುವುದರಿಂದ ತಲೆ ಸಾಮಾನ್ಯವಾಗಿ ಹೊರಗೇ ಉಳಿಯುತ್ತದೆ. ಮಿದುಳಿನ ಸ್ಕ್ಯಾನ್‌ಗೆ ಈ ಅನುಕೂಲವಿಲ್ಲ. ಆಗ ಒಳಹೋಗುವ ಮೊದಲೇ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಳ್ಳಿ, ಸಿಬ್ಬಂದಿಯನ್ನು ಕರೆಯಲು ಹಿಸುಕುವ ಬಲ್ಬನ್ನು ಕೈಯಲ್ಲಿಟ್ಟುಕೊಳ್ಳಿ.

ದಯವಿಟ್ಟು ಆ ಸಂದೇಶವನ್ನು ಮುಂದಕ್ಕೆ ಕಳುಹಿಸಬೇಡಿ.