ನಾಲ್ಕೂ ಕಾಲಿನ ಗಡಿಯಾರ

ನಮ್ಮ ಮನೆ ಮಹಡಿಗೆ ಭೋಪಾಲಿನ ಹುಡುಗನೊಬ್ಬ ಬಾಡಿಗೆಗೆ ಬಂದು ಆರು ತಿಂಗಳಾಯಿತು. ಮೈಸೂರಿಗೆ ಬಂದ ಮೇಲೆ ಕನ್ನಡ ಕಲಿತೇ ತೀರಬೇಕು ಅಂತ ಹಟ ಅವನಿಗೆ. ಸೊಪ್ಪಿನವಳ ಹತ್ತಿರ, ಆಟೋದವರ ಹತ್ತಿರ, ನನ್ನ ಹತ್ತಿರ ಕನ್ನಡದಲ್ಲೇ ಮಾತು. ಮೊನ್ನೆ ಒಂದು ದಿನ ಸಂಜೆ ಫೋನ್ ಮಾಡಿದ.

"ಆಂಟಿ, ಟೈಲರ್ ಅಂಗಡಿ ಮುಂದೆ ಒಂದು ಗಂಟೆಯಿಂದ ನಿಂತಿದೀನಿ. ಬಾಗಿಲು ಹಾಕಿದೆ."

ಗಡಿಯಾರ ನೋಡಿದೆ. ಐದೂ ನಲವತ್ತು. ಕರುಳು ಚುರ್ ಅಂತು. "ಅಯ್ಯೋ, ಊಟ ಮಾಡಿದ್ಯೇನಪ್ಪಾ?" ಅಂದೆ. ಅವನಿಗೆ ತಲೆಬುಡ ಅರ್ಥವಾಗಲಿಲ್ಲ. ಪ್ಯಾಂಟಿಗೂ ಊಟಕ್ಕೂ ಏನು ಸಂಬಂಧ ಅಂತ ಯೋಚಿಸಿರಬೇಕು.

ಮನೆಗೆ ಬಂದ ಮೇಲೆ ಕಾಫಿ ಕೊಟ್ಟು ವಿಚಾರಿಸಿದಾಗ ಗೊತ್ತಾಯಿತು. ಅಲ್ಲಿ ಎರಡು ತಪ್ಪು ನಡೆದಿದ್ದವು. ಒಂದು ಅವನದು, ಇನ್ನೊಂದು ನನ್ನದು.

ಅವನದು ಮೊದಲು. ಟೈಲರ್ ಹೇಳಿದ್ದು "ಐದೂಮುಕ್ಕಾಲಿಗೆ ಬನ್ನಿ" ಅಂತ. ಇವನು ಹೋಗಿ ನಿಂತದ್ದು ನಾಲ್ಕೂಮುಕ್ಕಾಲಿಗೆ. ಹಿಂದಿಯಲ್ಲಿ 'ಪೌನೇ ಪಾಂಚ್' ಅಂದರೆ ಐದಾಗುವುದಕ್ಕೆ ಇನ್ನೂ ಕಾಲು ಗಂಟೆ ಇದೆ ಅಂತ. ಮುಕ್ಕಾಲು ಅಂದರೆ ಪೌನೇ ಅಂತ ಯಾರೋ ಹೇಳಿಕೊಟ್ಟಿದ್ದರು. ಐದು ಅನ್ನುವುದು ಕಿವಿಗೆ ಬಿತ್ತು, ಮುಕ್ಕಾಲು ಬಿತ್ತು, ಎರಡನ್ನೂ ಸೇರಿಸಿ ಪೌನೇ ಪಾಂಚ್ ಮಾಡಿಕೊಂಡ. ಪಾಪ, ಶ್ರದ್ಧೆಯಿಂದಲೇ ತಪ್ಪು ಮಾಡಿದ್ದ.

ಕನ್ನಡದ ಮುಕ್ಕಾಲು ಹಾಗೆ ಕಳೆಯುವುದಿಲ್ಲ, ಕೂಡುತ್ತದೆ. ಐದು ಹೊಡೆದಾಯಿತು, ಅದರ ಮೇಲೆ ಮೂರು ಕಾಲು ಭಾಗವೂ ಆಯಿತು, ಅದು ಐದೂಮುಕ್ಕಾಲು. ಮುಂದೆ ಬರುವ ಆರರ ಮುಖವನ್ನೇ ನೋಡುವುದಿಲ್ಲ. ಹಿಂದಿಯವರು, ಇಂಗ್ಲಿಷಿನವರು ಮುಕ್ಕಾಲು ಬಂತೆಂದರೆ ಮುಂದಿನ ಗಂಟೆಗೆ ಕೈಚಾಚುತ್ತಾರೆ. ನಾವು ಆಗಿಹೋದ ಗಂಟೆಯನ್ನೇ ಹಿಡಿದುಕೊಂಡು ಕೂತಿರುತ್ತೇವೆ.

ಈ ಕೂಡುವ ಕೆಲಸ ಮಾಡುವುದು ನಡುವೆ ಇರುವ 'ಊ'. "ಅಪ್ಪನೂ ಅಮ್ಮನೂ ಬಂದರು" ಅನ್ನುವಾಗ ಬರುತ್ತದಲ್ಲ, ಅದೇ 'ಊ'. ಮೂರೂ ಕಾಲೂ ಸೇರಿ ಮೂರೂಕಾಲು. ಅದನ್ನು ಎಳೆಯದೆ ಗಿಡ್ಡ ಮಾಡಿ "ಮೂರು ಕಾಲು" ಅಂದರೆ ಗಡಿಯಾರ ಹೋಗಿ ಕುಂಟ ಮೇಜು ಬರುತ್ತದೆ. ಕಾಲು ಅಂದರೆ ನಡೆಯುವ ಕಾಲೂ ಹೌದು, ನಾಲ್ಕರಲ್ಲೊಂದು ಭಾಗವೂ ಹೌದು. ಹಸುವಿನ ನಾಲ್ಕು ಕಾಲನ್ನು ನೆನೆಸಿಕೋ, ಅದರಲ್ಲಿ ಒಂದು ಅಂದರೆ ಕಾಲು ಭಾಗ ಅಂತ ಹೇಳಿಕೊಟ್ಟೆ. ಜಾತಕದಲ್ಲಿ ನಕ್ಷತ್ರಕ್ಕೆ ನಾಲ್ಕು ಪಾದ ಅನ್ನುವುದಿಲ್ಲವೇ, ಅಲ್ಲೂ ಅದೇ ಲೆಕ್ಕ. ಮೂರು ಕಾಲು ಸೇರಿದರೆ ಮುಕ್ಕಾಲು. ನಮ್ಮ ಅಡುಗೆಮನೆಯ ಮುಕ್ಕಾಲಿಯನ್ನು ಎತ್ತಿ ತಂದು ತೋರಿಸಿದೆ. ಅದು ಅವನಿಗೆ ಚೆನ್ನಾಗಿ ಕೂತಿತು.

ಆದರೆ ಹುಡುಗ ಚುರುಕು. "ಹಾಗಾದ್ರೆ ಹಸುವಿನ ನಾಲ್ಕೂ ಕಾಲು ಕಟ್ಟಿದರು ಅಂದ್ರೆ?" ಅಂತ ಕೇಳಿಬಿಟ್ಟ. ಅಲ್ಲಿ 'ಊ' ಇದೆ, ಆದರೂ ಅದು ನಾಲ್ಕೂಕಾಲು ಗಂಟೆ ಅಲ್ಲ, ಒಂದನ್ನೂ ಬಿಡದೆ ಎಲ್ಲ ಕಾಲು ಅಂತ. ಕಿವಿಗೆ ಎರಡೂ ಒಂದೇ. ನಾನು ಐವತ್ತು ವರ್ಷ ಕನ್ನಡ ಮಾತಾಡಿದ್ದೇನೆ, ಇದು ತಲೆಗೆ ಹೊಳೆದೇ ಇರಲಿಲ್ಲ. ಹಸು ಇದ್ದರೆ ಕಾಲು, ಬಸ್ಸು ಇದ್ದರೆ ಗಂಟೆ ಅಂತ ಹೇಳಿ ತಪ್ಪಿಸಿಕೊಂಡೆ.

ಅರ್ಧದ ಕಥೆ ಬೇರೆ. ಮೂರೂವರೆ, ನಾಲ್ಕೂವರೆ ಅನ್ನುವುದರಲ್ಲಿ ನಿಜವಾಗಿ ಇರುವುದು 'ಅರೆ'. ಅರೆನಿದ್ದೆ, ಅರೆಬರೆ ಅನ್ನುವಾಗಿನ ಅರೆ. ಹಿಂದೆ 'ಊ' ಇರುವುದರಿಂದ ನಡುವೆ 'ವ' ನುಸುಳಿ 'ವರೆ' ಆಗಿದೆ. ಹಿಂದಿಯಲ್ಲಿ ಒಂದೂವರೆಗೆ ಡೇಢ್, ಎರಡೂವರೆಗೆ ಢಾಯಿ ಅಂತ ಬೇರೆ ಬೇರೆ ಮಾತಿದೆ. ನಮ್ಮಲ್ಲಿ ಆ ತಂಟೆ ಇಲ್ಲ, ಒಂದರಿಂದ ಹನ್ನೆರಡರವರೆಗೆ ಒಂದೇ ಅಚ್ಚು. ಹುಡುಗನಿಗೆ ಬಹಳ ಖುಷಿಯಾಯಿತು.

ಖುಷಿ ಜಾಸ್ತಿ ಹೊತ್ತು ಉಳಿಯಲಿಲ್ಲ. ಯಾಕೆಂದರೆ ಕನ್ನಡದಲ್ಲಿ 'ವರೆಗೆ' ಅಂತ ಇನ್ನೊಂದು ಇದೆ. "ಎರಡೂವರೆಗೆ ಬನ್ನಿ" ಅಂದರೆ ಎರಡು ಗಂಟೆ ಮೂವತ್ತು ನಿಮಿಷಕ್ಕೆ ಬನ್ನಿ. "ಎರಡರವರೆಗೆ ಇರ್ತೀನಿ" ಅಂದರೆ ಎರಡು ಹೊಡೆಯುವ ತನಕ ಇದ್ದು ಆಮೇಲೆ ಹೋಗುತ್ತೇನೆ. ಬೇಗ ಬೇಗ ಮಾತಾಡುವವರ ಬಾಯಲ್ಲಿ ಎರಡಕ್ಕೂ ಒಂದು 'ರ' ಅಷ್ಟೇ ವ್ಯತ್ಯಾಸ. ಒಬ್ಬರನ್ನು ಕಾಣಲು ಎರಡೂವರೆಗೆ ಹೋಗಿ ಬೀಗ ನೋಡಿಕೊಂಡು ಬಂದದ್ದು ನೆನಪಾಗಿ ಅವನು ತಲೆ ಚಚ್ಚಿಕೊಂಡ. ಅನುಮಾನ ಬಂದರೆ 'ತನಕ' ಅಂತ ಕೇಳು, "ಎರಡು ಗಂಟೆ ತನಕ ಇರ್ತೀರಾ?" ಅಂತ. ಇಲ್ಲದಿದ್ದರೆ "ಎರಡೂವರೆವರೆಗೆ" ಅನ್ನುವ ಮಾತಿಗೆ ನಾಲಿಗೆ ಗಂಟುಬೀಳುತ್ತದೆ.

ಇನ್ನು ನನ್ನ ತಪ್ಪು. ಅವನು "ಒಂದು ಗಂಟೆಯಿಂದ" ಅಂದಿದ್ದನಲ್ಲ. ಅವನ ಲೆಕ್ಕದಲ್ಲಿ ಅರವತ್ತು ನಿಮಿಷದಿಂದ. ನಾನು ಅಂದುಕೊಂಡದ್ದು ಮಧ್ಯಾಹ್ನ ಒಂದು ಗಂಟೆಯಿಂದ ಪಾಪ ಬಿಸಿಲಲ್ಲಿ ನಿಂತಿದ್ದಾನೆ ಅಂತ. ತಮಾಷೆ ಏನೆಂದರೆ ಅವನ ಮಾತಿನಲ್ಲಿ ವ್ಯಾಕರಣದ ತಪ್ಪು ಒಂದೂ ಇರಲಿಲ್ಲ. ನಮ್ಮ 'ಗಂಟೆ' ಮೂರು ಕೆಲಸ ಮಾಡುತ್ತದೆ. ದೇವಸ್ಥಾನದಲ್ಲಿ ಹೊಡೆಯುವುದೂ ಗಂಟೆ, ಗಡಿಯಾರ ತೋರಿಸುವುದೂ ಗಂಟೆ, ಕಾದು ಕಳೆಯುವ ಅರವತ್ತು ನಿಮಿಷವೂ ಗಂಟೆ. "ಒಂದೂವರೆ ಗಂಟೆಗೆ ಬಂದೆ" ಅಂದರೆ ಗಡಿಯಾರ. "ಒಂದೂವರೆ ಗಂಟೆ ಕಾದೆ" ಅಂದರೆ ಕಾದ ಹೊತ್ತು. ಅಲ್ಲಿಗೆ ಸರಿ. 'ಗಂಟೆಯಿಂದ' ಅಂದಾಗ ಮಾತ್ರ ಎರಡೂ ಕಲೆತುಬಿಡುತ್ತವೆ. ನಾವು ಇಂಥ ಕಡೆ ಸುಮ್ನೆ "ಬಂದು ಒಂದು ಗಂಟೆ ಆಯ್ತು" ಅನ್ನುತ್ತೇವೆ. ಇಲ್ಲವೇ ಹಿಂದೆ ಹೊತ್ತಿನ ಹೆಸರು ಸೇರಿಸಿ "ಮಧ್ಯಾಹ್ನ ಒಂದು ಗಂಟೆಯಿಂದ" ಅನ್ನುತ್ತೇವೆ.

ಹೊತ್ತಿನ ಹೆಸರು ಯಾವಾಗಲೂ ಗಂಟೆಗಿಂತ ಮುಂಚೆ ಬರಬೇಕು. ಬೆಳಗ್ಗೆ ಹತ್ತೂಕಾಲು, ಮಧ್ಯಾಹ್ನ ಮೂರು, ಸಂಜೆ ಐದೂವರೆ, ರಾತ್ರಿ ಒಂಬತ್ತು. ಎಲ್ಲಿಂದ ಎಲ್ಲಿಯವರೆಗೆ ಯಾವುದು ಅಂತ ಒಂದು ಪಟ್ಟಿ ಬರೆದುಕೊಡಿ ಅಂದ. ಬರೆಯಲು ಕೂತರೆ ಆಗಲೇ ಇಲ್ಲ. ನಾಲ್ಕು ಗಂಟೆ ಮಧ್ಯಾಹ್ನವೋ ಸಂಜೆಯೋ? ಸ್ಕೂಲ್ ಬಿಡುವ ಮಕ್ಕಳಿಗೆ ಸಂಜೆ, ಮಲಗಿ ಏಳದ ನಮ್ಮೆಜಮಾನರಿಗೆ ಇನ್ನೂ ಮಧ್ಯಾಹ್ನ. ಏಳನ್ನು ಸಂಜೆ ಅನ್ನುವವರೂ ಇದ್ದಾರೆ, ರಾತ್ರಿ ಅನ್ನುವವರೂ ಇದ್ದಾರೆ. ಎಂಟಾದರೆ ಯಾರಿಗೂ ಜಗಳವಿಲ್ಲ, ರಾತ್ರಿಯೇ.

ಮುಸ್ಸಂಜೆಗಂತೂ ಅಂಕಿ ಹಾಕಲೇ ಬಾರದು. ಅದು ಸೂರ್ಯ ಮುಳುಗಿ ದೀಪ ಹಚ್ಚುವ ಹೊತ್ತು. ಮೈಸೂರಿನಲ್ಲಿ ನವೆಂಬರಿನಲ್ಲಿ ಆರಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ, ಜುಲೈನಲ್ಲಿ ಆರೂಮುಕ್ಕಾಲೂ ದಾಟುತ್ತದೆ. ಹೆಚ್ಚುಕಮ್ಮಿ ಒಂದು ಗಂಟೆ ಆಚೀಚೆ. ನಮ್ಮಮ್ಮ ಗಡಿಯಾರ ನೋಡುತ್ತಿರಲಿಲ್ಲ. ಮುಸ್ಸಂಜೆಯಲ್ಲಿ ಮಲಗಬೇಡಿ, ಕಸ ಗುಡಿಸಬೇಡಿ ಅನ್ನುವ ಕೂಗು ಬಂತೆಂದರೆ ಮುಸ್ಸಂಜೆಯಾಯಿತು ಅಂತ ಲೆಕ್ಕ.

ಬೆಳಗಿನ ಜಾವಕ್ಕೆ ಮಾತ್ರ ಒಂದು ಅಂಕಿ ಕೊಡಬಹುದು. ಹಳೆಯ ಲೆಕ್ಕದಲ್ಲಿ ಒಂದು ಜಾವ ಅಂದರೆ ಮೂರು ಗಂಟೆ. ಹಗಲಿಗೆ ನಾಲ್ಕು, ರಾತ್ರಿಗೆ ನಾಲ್ಕು. ರಾತ್ರಿಯ ಕೊನೆಯ ಜಾವವೇ ಬೆಳಗಿನ ಜಾವ, ಸುಮಾರು ಮೂರರಿಂದ ಆರು. ನಿಮ್ಮಲ್ಲಿ 'ಪಹರ್' ಅನ್ನುತ್ತಾರಲ್ಲ ಅದೇ ಅಂದೆ. ಸೂರ್ಯ ಹುಟ್ಟಿ ಎರಡು ಪಹರ್ ಕಳೆದರೆ ಹನ್ನೆರಡು ಗಂಟೆ, ಅದಕ್ಕೇ ಅವರ ಮಧ್ಯಾಹ್ನಕ್ಕೆ 'ದೋಪಹರ್' ಅಂತ ಹೆಸರು. ಹುಟ್ಟಿದಾಗಿನಿಂದ ಹೇಳುತ್ತಿದ್ದ ಮಾತು ಅವನಿಗೆ ನಮ್ಮ ಜಗಲಿಯಲ್ಲಿ ಬಿಡಿಸಿಕೊಂಡಿತು.

ಊರು ಬದಲಾದರೆ ಹೊತ್ತಿನ ಹೆಸರೂ ಸ್ವಲ್ಪ ಜರುಗುತ್ತದೆ. ಹುಬ್ಬಳ್ಳಿಯ ನಮ್ಮ ಬೀಗಿತ್ತಿ "ಮುಂಜಾನಿ ಹತ್ತಕ್ಕ ಬರ್ರಿ" ಅಂದಾಗ ನನಗೆ ನಗು ಬಂದಿತ್ತು. ನಮ್ಮ ಕಡೆ ಮುಂಜಾನೆ ಅಂದರೆ ಇಬ್ಬನಿ ಆರದ ಹೊತ್ತು. ಅವರಿಗೆ ಅದು ಸಾದಾ ಬೆಳಗ್ಗೆ. ನಮ್ಮ ಮುಂಜಾನೆಗೆ ಅವರು ನಸುಕು ಅನ್ನುತ್ತಾರೆ.

ಆ ಹುಬ್ಬಳ್ಳಿಗೇ ಹೋಗಲು ನಮ್ಮೆಜಮಾನರು ಒಮ್ಮೆ ಬಸ್ ಟಿಕೆಟ್ ಮಾಡಿದ್ದರು. ಶನಿವಾರ ರಾತ್ರಿ ಹನ್ನೆರಡೂಕಾಲಿನ ಬಸ್ಸು. ಫೋನಿನಲ್ಲಿ ಶನಿವಾರದ ತಾರೀಖು ಒತ್ತಿದರು. ನಮಗೆ ರಾತ್ರಿ ಅಂದರೆ ಬೆಳಗಾಗುವ ತನಕ ಅದೇ ದಿನದ ಬಾಲ. ಪಂಚಾಂಗದಲ್ಲೂ ವಾರ ಬದಲಾಗುವುದು ಸೂರ್ಯ ಹುಟ್ಟಿದಾಗಲೇ. ಫೋನಿಗೆ ಅದೆಲ್ಲ ಎಲ್ಲಿ ಗೊತ್ತು? ಅದರ ಪ್ರಕಾರ ಶನಿವಾರದ 00:15 ಅಂದರೆ ನಮ್ಮ ಶುಕ್ರವಾರ ರಾತ್ರಿ. ನಾವು ಶನಿವಾರ ರಾತ್ರಿ ಬುತ್ತಿ ಕಟ್ಟಿಕೊಂಡು ಬಸ್‌ಸ್ಟ್ಯಾಂಡಿಗೆ ಹೋದಾಗ ನಮ್ಮ ಎರಡು ಸೀಟು ಹಿಂದಿನ ರಾತ್ರಿಯೇ ಖಾಲಿ ಹುಬ್ಬಳ್ಳಿಗೆ ಹೋಗಿ ಬಂದಾಗಿತ್ತು. ಅದಕ್ಕೇ ಹಳಬರು "ಶನಿವಾರ ರಾತ್ರಿ, ಬೆಳಗಾದರೆ ಭಾನುವಾರ" ಅಂತ ಬಿಡಿಸಿ ಹೇಳುತ್ತಿದ್ದರು. ಹುಡುಗನಿಗೂ ಅದನ್ನೇ ಹೇಳಿಕೊಟ್ಟೆ.

ಬಿಡಿ ನಿಮಿಷಗಳು ಕಷ್ಟವಿಲ್ಲ. ಹತ್ತು ಗಂಟೆ ಇಪ್ಪತ್ತು ನಿಮಿಷ ಅಂದರೂ ಆಯಿತು, ಹತ್ತೂ ಇಪ್ಪತ್ತು ಅಂದರೂ ಆಯಿತು. ಇಲ್ಲೂ 'ಊ' ಎಳೆಯಬೇಕು, ಇಲ್ಲದಿದ್ದರೆ ಹತ್ತಿಪ್ಪತ್ತು ಜನ ಬಂದುಬಿಡುತ್ತಾರೆ. ಗಂಟೆ ಹೊಡೆಯಲು ಐದೋ ಹತ್ತೋ ನಿಮಿಷ ಉಳಿದಾಗ ಮಾತ್ರ ನಾವೂ ಮುಂದಿನ ಗಂಟೆ ನೋಡುತ್ತೇವೆ. "ಹತ್ತಕ್ಕೆ ಐದು ನಿಮಿಷ ಇದೆ" ಅನ್ನುತ್ತೇವೆ. "ನೀವೂ ಕಳೀತೀರಲ್ಲ ಆಂಟಿ!" ಅಂತ ಹಿಡಿದುಬಿಟ್ಟ. ಹೌದಪ್ಪ, ಐದು ನಿಮಿಷಕ್ಕೆ ಕಳೀತೀವಿ, ಮುಕ್ಕಾಲಿಗೆ ಕೂಡ್ತೀವಿ, ಕುಡಿ ಕಾಫಿ ಅಂದೆ.

ಇಷ್ಟೆಲ್ಲ ಕಲಿತ ಹುಡುಗನನ್ನು ಭಾನುವಾರ ಊಟಕ್ಕೆ ಕರೆದೆ. "ಏಳು ಏಳೂವರೆ ಹೊತ್ತಿಗೆ ಬಾ" ಅಂದೆ. "ರಾತ್ರಿ ಅಲ್ವಾ ಆಂಟಿ?" ಅಂತ ಖಾತ್ರಿ ಮಾಡಿಕೊಂಡ. ಏಳು ಏಳೂವರೆ ಅಂದರೆ ಎಂಟರ ಒಳಗೆ ಯಾವಾಗಲಾದರೂ ಅಂತ ನನ್ನ ಮನಸ್ಸಿನಲ್ಲಿ. ಅವನು ಏಳಕ್ಕೂ ಏಳೂವರೆಗೂ ನಡುವಿನ ಜಾಗ ಹುಡುಕಿ, ಸರಿಯಾಗಿ ಏಳೂಕಾಲಿಗೆ ಬೆಲ್ ಮಾಡಿದ. ನಾನಿನ್ನೂ ಕುಕ್ಕರ್ ಇಟ್ಟಿರಲಿಲ್ಲ.