ಸಿವಿವಿ ಕೇಳ್ಲಿ, ಆದ್ರೆ ಇಟ್ಕೋಬಾರ್ದು

"ಸಿವಿವಿನ ಎನ್‌ಕ್ರಿಪ್ಟ್ ಮಾಡೇ ಇಟ್ಟಿದೀವಿ, ಏನೂ ಆಗಲ್ಲ ಬಿಡಿ" ಅನ್ನೋ ಮಾತನ್ನ ಪೇಮೆಂಟ್ ಸಾಫ್ಟ್‌ವೇರ್ ಬರೆಯೋರ ಬಾಯಲ್ಲೇ ಕೇಳಿದೀನಿ, ಕೇಳಿದಾಗೆಲ್ಲ ಸಿಟ್ಟು ಬರುತ್ತೆ. ಪಿಸಿಐ ಡಿಎಸ್‌ಎಸ್ ಅನ್ನೋ, ಕಾರ್ಡ್ ಕಂಪನಿಗಳು ಸೇರಿ ಮಾಡಿರೋ ಭದ್ರತಾ ನಿಯಮ ಇದನ್ನ ಬಿಡಿಸಿ ಹೇಳಿದೆ: ಬ್ಯಾಂಕಿಂದ ಹೌದು ಅಥವಾ ಇಲ್ಲ ಅನ್ನೋ ಉತ್ತರ ಬಂದ್ಮೇಲೆ ವ್ಯಾಪಾರಿ ಹತ್ರ ಕಾರ್ಡಿನ ಮೇಲೆ ಮುದ್ರಿಸಿರೋ ಆ ಮೂರಂಕಿ ಕೋಡ್ ಇರಲೇಬಾರ್ದು, ಎನ್‌ಕ್ರಿಪ್ಟ್ ಮಾಡಿದ್ರೂ ಇರಬಾರ್ದು. ಈ ನಿಯಮದ ಪ್ರಕಾರ ಕಾರ್ಡ್ ನಂಬರನ್ನ ಸರಿಯಾಗಿ ಕಾಪಾಡ್ಕೊಂಡು ಇಟ್ಕೋಬಹುದು, ಕೋಡ್ ಮಾತ್ರ ಇಲ್ಲ.

ಯಾಕೆ ಈ ಭೇದ ಅಂದ್ರೆ, ನಂಬರು ಮತ್ತೆ ಎಕ್ಸ್‌ಪೈರಿ ಡೇಟು ಹತ್ತಾರು ಕಡೆ ಓಡಾಡ್ತವೆ. ಕಾರ್ಡಿನ ಹಿಂದಿರೋ ಕಪ್ಪು ಮ್ಯಾಗ್ನೆಟಿಕ್ ಪಟ್ಟಿಲಿ ಇರ್ತವೆ, ಅಂಗಡಿ ಡೇಟಾಬೇಸಲ್ಲಿ ಇರ್ತವೆ. ಅವೆರಡು ಗೊತ್ತಿದೆ ಅಂದ ಮಾತ್ರಕ್ಕೆ ಕಾರ್ಡು ಕೈಲಿದೆ ಅಂತ ನಂಬೋಕಾಗಲ್ಲ. ಮುದ್ರಿಸಿರೋ ಕೋಡ್ ಹಾಗಲ್ಲ. ಬ್ಯಾಂಕು ಕಾರ್ಡ್ ನಂಬರು, ಎಕ್ಸ್‌ಪೈರಿ, ಜೊತೆಗೆ ಕಾರ್ಡನ್ನ ಎಲ್ಲಿ, ಹೇಗೆ ಬಳಸಬಹುದು ಅಂತ ಹೇಳೋ ಸರ್ವಿಸ್ ಕೋಡ್ ಅನ್ನೋ ಬೇರೆ ಮೂರಂಕಿ, ಇಷ್ಟನ್ನೂ ತನ್ನ ಗುಟ್ಟಿನ ಕೀ ಹಾಕಿ ಲೆಕ್ಕ ಮಾಡಿ ಅದನ್ನ ಹುಟ್ಟಿಸುತ್ತೆ. ಮುದ್ರಿಸೋ ಕೋಡಿಗೆ ಸರ್ವಿಸ್ ಕೋಡ್ ಜಾಗದಲ್ಲಿ 000 ಹಾಕ್ತಾರೆ, ಹಾಗಾಗಿ ಕಪ್ಪು ಪಟ್ಟಿಲಿರೋ ಕೋಡೇ ಬೇರೆ, ಪಟ್ಟಿ ಕದ್ದೋನಿಗೂ ಇದು ಸಿಗಲ್ಲ. ಬ್ಯಾಂಕು ಕೂಡ ಇದನ್ನ ಬರೆದಿಟ್ಕೊಂಡು ಹೋಲಿಸಬೇಕಂತಿಲ್ಲ, ನಾವು ಟೈಪ್ ಮಾಡಿದಾಗ ಮತ್ತೆ ಲೆಕ್ಕ ಹಾಕಿ ನೋಡಿದ್ರೆ ಸಾಕು. ಅಂದ್ರೆ ಕೋಡಿಗೆ ಬೆಲೆ ಇರೋದೇ ಅದು ಕಾರ್ಡಿನ ಮೇಲೆ ಬಿಟ್ಟು ಬೇರೆಲ್ಲೂ ಇಲ್ಲ ಅನ್ನೋದ್ರಿಂದ. ಒಬ್ಬ ವ್ಯಾಪಾರಿ ನಂಬರಿನ ಪಕ್ಕದಲ್ಲೇ ಅದನ್ನೂ ಬರೆದಿಟ್ರೆ ಅಲ್ಲಿಗೆ ಕಥೆ ಮುಗೀತು.

ಹ್ಯಾಶ್ ಮಾಡ್ತೀವಿ, ಅಂದ್ರೆ ವಾಪಸ್ ಬಿಡಿಸೋಕಾಗದ ಹಾಗೆ ಬದಲಾಯಿಸಿ ಇಡ್ತೀವಿ, ಅಂತಾರೆ ಕೆಲವರು. ಮೂರಂಕಿ ಅಂದ್ರೆ 000ದಿಂದ 999ರವರೆಗೆ ಬರೀ 1000 ಸಾಧ್ಯತೆ ಕಣ್ರೀ, ಸಾಲ್ಟ್ ಅಂತ ಒಂದಷ್ಟು ಹೆಚ್ಚುವರಿ ಅಕ್ಷರ ಬೆರೆಸಿದ್ರೂ ಆ ಸಾಲ್ಟ್ ಅದೇ ಟೇಬಲಲ್ಲಿ ಕೂತಿರುತ್ತೆ, ಎಲ್ಲಾ 1000ವನ್ನೂ ಕಂಪ್ಯೂಟರು ಕಣ್ಣು ಮಿಟುಕಿಸೋದ್ರೊಳಗೆ ನೋಡಿ ಮುಗಿಸುತ್ತೆ. ಬ್ಯಾಂಕಿನ ಮುಂದೆ ಊಹೆ ಮಾಡ್ತಾ ಕೂತ್ರೆ ಕೆಲವು ತಪ್ಪಾದ್ಮೇಲೆ ತಡೀತಾರೆ, ಕದ್ದ ಟೇಬಲ್ ಮುಂದೆ ತಡೆಯೋರು ಯಾರೂ ಇಲ್ಲ. ಎನ್‌ಕ್ರಿಪ್ಶನ್ ಬಗ್ಗೆ ನನ್ನ ತಕರಾರು ಇನ್ನೂ ಸರಳ: ಮುಂದೆ ಬಿಡಿಸಿ ಓದೋಕೇ ತಾನೇ ಎನ್‌ಕ್ರಿಪ್ಟ್ ಮಾಡಿಡೋದು, ಯಾತಕ್ಕೆ ಓದಬೇಕು? ಪ್ರತಿ ತಿಂಗಳು ಕಟ್ ಆಗೋ ಸಬ್‌ಸ್ಕ್ರಿಪ್ಶನ್‌ಗೂ ಕೋಡ್ ಬೇಡ, ಮೊದಲ ಸಲ ಕೊಟ್ಟು ಒಪ್ಪಿದ ಮೇಲೆ ಮುಂದಿನದು ಆ ಮೊದಲ ಪೇಮೆಂಟಿನ ಗುರುತು ಹಿಡ್ಕೊಂಡೇ ಹೋಗುತ್ತೆ.

ಆದ್ರೆ ಬೇಕು ಅಂತ ಇಡೋರಿಗಿಂತ, ಇಟ್ಟಿದೀವಿ ಅಂತ ತಮಗೇ ಗೊತ್ತಿಲ್ಲದೋರ ಬಗ್ಗೆ ನನಗೆ ಹೆಚ್ಚು ಭಯ. 2018ರ ಬ್ರಿಟಿಷ್ ಏರ್‌ವೇಸ್ ಪ್ರಕರಣ ನೋಡಿ. ಒಳಗೆ ನುಗ್ಗಿದೋರಿಗೆ ಸಿಸ್ಟಮ್ ತಾನು ಮಾಡಿದ್ದನ್ನ ಬರೆದಿಡೋ ಲಾಗ್ ಫೈಲುಗಳಲ್ಲಿ ಕಾರ್ಡ್ ವಿವರ ಎನ್‌ಕ್ರಿಪ್ಟ್ ಆಗದೇ ಹಾಗೇ ಸಿಕ್ತು, ಬಹುಪಾಲು ಕಾರ್ಡುಗಳದ್ದು ಸಿವಿವಿ ಸಮೇತ. ಟೆಸ್ಟಿಂಗ್‌ಗೆ ಅಂತ ಇದ್ದ ಲಾಗಿಂಗನ್ನ ಸಿಸ್ಟಮ್ ಲೈವ್ ಹೋದಾಗ ಯಾರೂ ಆಫ್ ಮಾಡಿರಲಿಲ್ಲ, 2015ರ ಡಿಸೆಂಬರಿಂದ ಹಾಗೇ ಬರೀತಾ ಇತ್ತು. ಒಂದೊಂದು ಲಾಗ್ 95 ದಿನ ಉಳೀತಿತ್ತು, ಹಾಗಾಗಿ ಸುಮಾರು 1,08,000 ಕಾರ್ಡುಗಳ ವಿವರ ಅಲ್ಲಿ ತೆರೆದು ಬಿದ್ದಿತ್ತು. ಆಮೇಲೆ ಅದೇ ಕಳ್ಳರು ಸೈಟಿನ ಪೇಮೆಂಟ್ ಪೇಜಿಗೇ ಸ್ಕ್ರಿಪ್ಟ್ ಸೇರಿಸಿ ಜನ ಟೈಪ್ ಮಾಡ್ತಿದ್ದಂಗೇ ಕೋಡ್ ಕದ್ರು. ಇಟ್ಕೊಳ್ಳದೇ ಇರೋದ್ರಿಂದ ಆ ಎರಡನೇ ಕಳ್ಳತನ ನಿಲ್ಲಲ್ಲ, ನಿಜ. ಆದ್ರೆ ಸ್ಕ್ರಿಪ್ಟಿಗೆ ಸಿಗೋದು ಅದು ಕೂತಿರೋ ದಿನಗಳಲ್ಲಿ ಬಂದೋರು ಮಾತ್ರ, ಲಾಗಲ್ಲಿ ಸಿಗೋದು ಅವರಿಗಿಂತ ಮೊದಲು ಬಂದು ಹೋದೋರೂ. ಬ್ರಿಟನ್ನಿನ ಡೇಟಾ ನಿಯಂತ್ರಕರು 2020ರಲ್ಲಿ ಎರಡು ಕೋಟಿ ಪೌಂಡ್ ದಂಡ ಹಾಕಿದ್ರು.

ಹಾಗಾಗಿ ಸೈಟ್ ನಡೆಸೋರು "ಡೇಟಾಬೇಸಲ್ಲಿ ಸಿವಿವಿ ಕಾಲಮ್ಮೇ ಇಲ್ಲ" ಅಂತ ನೆಮ್ಮದಿಯಾಗಿ ಕೂರಬೇಡಿ. ಟೆಸ್ಟ್ ಸಿಸ್ಟಮಲ್ಲಿ 4111111111111111 ಅನ್ನೋ ಟೆಸ್ಟ್ ಕಾರ್ಡಿಂದ ಒಂದು ಪೇಮೆಂಟ್ ಮಾಡಿ, ಬೇಕಂತಲೇ ಒಂದು ಫೇಲ್ ಕೂಡ ಮಾಡಿಸಿ, ಯಾಕಂದ್ರೆ ಎರರ್ ಬಂದಾಗ್ಲೇ ಇಡೀ ರಿಕ್ವೆಸ್ಟನ್ನ ಲಾಗಿಗೆ ಸುರಿಯೋದು ಜಾಸ್ತಿ. ಆಮೇಲೆ ಹುಡುಕಿ:

```
grep -rn "4111111111111111" /var/log/
```

ಮೂರಂಕಿ ಹುಡುಕಿದ್ರೆ ಸಾವಿರ ಸಾಲು ಸುಮ್ಸುಮ್ನೆ ಬರ್ತವೆ, ಅದಕ್ಕೇ ಕಾರ್ಡ್ ನಂಬರ್ ಹುಡುಕಿ ಅದರ ಅಕ್ಕಪಕ್ಕ ನೋಡಬೇಕು. ನಿಮ್ಮ ಲಾಗ್ ಬೇರೆ ಕಡೆ ಹೋಗ್ತಿದ್ರೆ ಅಲ್ಲೂ, ಬ್ಯಾಕಪ್ಪಲ್ಲೂ, ಎರರ್ ರಿಪೋರ್ಟ್ ಟೂಲಲ್ಲೂ ನೋಡಿ. ಫೋನಲ್ಲಿ ಆರ್ಡರ್ ತಗೊಳ್ಳೋರಾದ್ರೆ ಕಾಲ್ ರೆಕಾರ್ಡಿಂಗಲ್ಲಿ ಗಿರಾಕಿ ಕೋಡ್ ಹೇಳಿದ್ದೂ ಸ್ಟೋರ್ ಮಾಡಿದಂಗೇ, ಆ ಹೊತ್ತಿಗೆ ರೆಕಾರ್ಡಿಂಗ್ ನಿಲ್ಲಿಸಲೇಬೇಕು.

ಇನ್ನು ಕಾರ್ಡ್ ಬಳಸೋ ನಾವುಗಳು. ಕಾರ್ಡ್ ಸೇವ್ ಆಗಿದ್ರೂ ಪ್ರತಿ ಸಲ ಕೋಡ್ ಕೇಳ್ತಾರಲ್ಲಾ ಅಂತ ಬೈಕೋಬೇಡಿ, ಅವರತ್ರ ಇಲ್ಲ ಅಂತಲೇ ಕೇಳ್ತಿರೋದು. ಅದೇ ಯಾರಾದ್ರೂ ಕಾರ್ಡಿನ ಎರಡೂ ಬದಿ ಫೋಟೋ ತೆಗ್ದು ಮೇಲ್ ಮಾಡಿ ಅಂದ್ರೆ, ಅಥವಾ ಫಾರಮ್ಮಲ್ಲಿ ಕೋಡ್ ಬರೆದು ಸಹಿ ಹಾಕಿ ಕಳ್ಸಿ ಅಂದ್ರೆ, ಕಳಿಸಬೇಡಿ, ಪೇಮೆಂಟ್ ಲಿಂಕ್ ಕೇಳಿ. ಈಗಾಗಲೇ ಕಳಿಸಿದ್ರೆ ಬ್ಯಾಂಕಿಗೆ ಹೇಳಿ ಕಾರ್ಡ್ ಬದಲಾಯಿಸ್ಕೊಳ್ಳಿ, ಆ ಮೇಲ್ ಎಷ್ಟು ಇನ್‌ಬಾಕ್ಸಲ್ಲಿ ಕೂತಿದೆ ಅಂತ ಕಳಿಸಿಕೊಂಡೋರಿಗೂ ಗೊತ್ತಿರಲ್ಲ.