ಕೆವಿಎಂ ಬದಲಿಸಿದಾಗ ವಿಂಡೋಗಳು ಚೆದುರುವುದೇಕೆ?

"ಡೆಸ್ಕ್‌ಟಾಪ್‌ಗೆ ಹೋಗಿ ಮತ್ತೆ ಆಫೀಸ್ ಲ್ಯಾಪ್‌ಟಾಪ್‌ಗೆ ಬಂದರೆ ವಿಂಡೋಗಳೆಲ್ಲ ಚೆಲ್ಲಾಪಿಲ್ಲಿ. ಕೆವಿಎಂ ಕೆಟ್ಟಿದೆಯಾ?"

ಕೆಟ್ಟಿರಲಿಕ್ಕಿಲ್ಲ. ಕೆವಿಎಂ ಎಂದರೆ ಒಂದೇ ಮಾನಿಟರ್, ಕೀಬೋರ್ಡ್, ಮೌಸ್‌ಗಳನ್ನು ಒಂದಕ್ಕಿಂತ ಹೆಚ್ಚು ಕಂಪ್ಯೂಟರ್‌ಗಳಿಗೆ ಬದಲಿಸಿಕೊಳ್ಳುವ ಸ್ವಿಚ್. ಮಾನಿಟರ್ ತನ್ನ ರೆಸಲ್ಯೂಷನ್, ರಿಫ್ರೆಶ್ ರೇಟ್ ವಿವರಗಳನ್ನು ಇಡಿಐಡಿ ಎಂಬ ಮಾಹಿತಿಯ ಮೂಲಕ ಕಂಪ್ಯೂಟರ್‌ಗೆ ತಿಳಿಸುತ್ತದೆ. ಸಾದಾ ಕೆವಿಎಂಗಳಲ್ಲಿ ಬಟನ್ ಒತ್ತಿದ ಕೂಡಲೇ ಆ ಸಂಪರ್ಕವೇ ಕಡಿದುಹೋಗುತ್ತದೆ. ಲ್ಯಾಪ್‌ಟಾಪ್‌ ಪಾಲಿಗೆ ಇದು ಕೇಬಲ್ ಕಿತ್ತ ಹಾಗೇ ಅಲ್ವಾ? ಹಾಗಾಗಿ ಎಲ್ಲ ವಿಂಡೋಗಳನ್ನೂ ತನ್ನ ಸಣ್ಣ ಸ್ಕ್ರೀನ್‌ಗೆ ಎಳೆದುಕೊಳ್ಳುತ್ತದೆ.

ಖಚಿತಪಡಿಸಿಕೊಳ್ಳಲು, ಮಾನಿಟರ್ ಡೆಸ್ಕ್‌ಟಾಪ್ ಕಡೆ ಇರುವಾಗ ಲ್ಯಾಪ್‌ಟಾಪ್ ತೆರೆದು ಡಿಸ್‌ಪ್ಲೇ ಸೆಟ್ಟಿಂಗ್ಸ್ ನೋಡಿ. ಎರಡನೇ ಸ್ಕ್ರೀನ್ ಮಾಯವಾಗಿದ್ದರೆ ಕಾರಣ ಇದೇ. ಸುಮ್ನೆ ಕೇಬಲ್ ಬದಲಿಸಬೇಡಿ. ಮಾನಿಟರ್ ಬೇರೆ ಕಡೆ ಇದ್ದಾಗಲೂ ಲ್ಯಾಪ್‌ಟಾಪ್‌ಗೆ ಆ ಮಾಹಿತಿಯನ್ನು ಕೊಡುತ್ತಲೇ ಇರುವ, ಅಂದರೆ ಇಡಿಐಡಿ ಎಮ್ಯುಲೇಷನ್ ಇರುವ ಕೆವಿಎಂ ಬೇಕು, ಇಲ್ಲವೇ ಲ್ಯಾಪ್‌ಟಾಪ್ ಮತ್ತು ಕೆವಿಎಂ ನಡುವೆ ಪುಟ್ಟ ಇಡಿಐಡಿ ಎಮ್ಯುಲೇಟರ್ ಹಾಕಿ. ಸಾಫ್ಟ್‌ವೇರ್ ಬೇಕಿಲ್ಲದ ಕಾರಣ ಆಫೀಸ್ ಲ್ಯಾಪ್‌ಟಾಪ್‌ಗೂ ತೊಂದರೆಯಿಲ್ಲ. ಆದರೆ ಆ ಕೆವಿಎಂ ಅಥವಾ ಎಮ್ಯುಲೇಟರ್ ನಿಮ್ಮ ಮಾನಿಟರ್‌ನ ರೆಸಲ್ಯೂಷನ್, ರಿಫ್ರೆಶ್ ರೇಟ್ ಎರಡನ್ನೂ ಬೆಂಬಲಿಸಬೇಕು. ಇಲ್ಲದಿದ್ದರೆ 4ಕೆ ಚಿತ್ರ 60 ಹರ್ಟ್ಸ್‌ನಿಂದ 30ಕ್ಕೆ ಇಳಿಯಬಹುದು.